441 ಮನೆ, 14 ಬಿಟ್: ಕ್ಯೂಆರ್ ಕೋಡಿನ ಒಳಗಿನ ಲೆಕ್ಕ

ಕಾರಿನ ಬಿಡಿಭಾಗಗಳ ಲೆಕ್ಕವಿಡಲು ಬಾರ್‌ಕೋಡಿಗಿಂತ ಹೆಚ್ಚು ಮಾಹಿತಿ ಹಿಡಿಯುವ, ಯಾವ ದಿಕ್ಕಿನಿಂದ ಹಿಡಿದರೂ ಬೇಗ ಓದಬಲ್ಲ ಗುರುತೊಂದು ಬೇಕೆಂದು ಜಪಾನಿನ ಡೆನ್ಸೊ ಸಮೂಹದಲ್ಲಿ ಮಸಾಹಿರೊ ಹರಾ ಮತ್ತು ಅವರ ಸಹೋದ್ಯೋಗಿಗಳು 1994ರಲ್ಲಿ ಕ್ಯೂಆರ್ ಕೋಡನ್ನು ರೂಪಿಸಿದರು. 2000ದಲ್ಲಿ ಅದು ಐಎಸ್ಒ/ಐಇಸಿ 18004 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಕಪ್ಪು ಬಿಳುಪಿನ ಆ ಚುಕ್ಕೆಗಳ ರಾಶಿಯಲ್ಲಿ ಮಾಹಿತಿ ಎಲ್ಲಿದೆ, ಫೋನು ಅದನ್ನು ಹೇಗೆ ಹೊರತೆಗೆಯುತ್ತದೆ ಎಂಬುದನ್ನು ತಿಳಿಯಲು ದೊಡ್ಡ ಕೋಡೊಂದನ್ನು ನೋಡುತ್ತ ಕೂರುವುದಕ್ಕಿಂತ, ಅತಿ ಚಿಕ್ಕ ಕೋಡಿನಲ್ಲಿ ಅತಿ ಚಿಕ್ಕ ಸಂದೇಶವೊಂದನ್ನು ಇಟ್ಟು ಕೊನೆಯವರೆಗೂ ಹಿಂಬಾಲಿಸುವುದು ಮೇಲು. ಹಾಗಾಗಿ ಈ ಲೇಖನದಲ್ಲಿ 1994 ಎಂಬ ನಾಲ್ಕು ಅಂಕಿಗಳನ್ನೇ ಸಂದೇಶವಾಗಿ ತೆಗೆದುಕೊಳ್ಳೋಣ.

ಕ್ಯೂಆರ್ ಕೋಡಿನಲ್ಲಿ 40 ಗಾತ್ರಗಳಿವೆ, ಇವನ್ನು ಆವೃತ್ತಿಗಳೆನ್ನುತ್ತಾರೆ. ಒಂದನೆಯ ಆವೃತ್ತಿಯಲ್ಲಿ ಅಡ್ಡಕ್ಕೆ 21, ಉದ್ದಕ್ಕೆ 21 ಪುಟ್ಟ ಚೌಕಗಳಿರುತ್ತವೆ. ಚದುರಂಗದ ಹಲಗೆಯಲ್ಲಿ ಹೇಳುವಂತೆ ಇವನ್ನು ಮನೆಗಳೆಂದು ಕರೆಯೋಣ. ಪ್ರತಿ ಆವೃತ್ತಿಗೂ ಬದಿಗೆ ನಾಲ್ಕು ಮನೆ ಹೆಚ್ಚುತ್ತ ಹೋಗಿ, 40ನೆಯ ಆವೃತ್ತಿಯಲ್ಲಿ ಬದಿಗೆ 177 ಮನೆಗಳಾಗುತ್ತವೆ. ನಮ್ಮ ಸಂದೇಶಕ್ಕೆ ಅತಿ ಚಿಕ್ಕದೇ ಸಾಕು, ಅಂದರೆ ಒಟ್ಟು 441 ಮನೆ. ಪ್ರತಿ ಮನೆಯೂ ಕಪ್ಪಾಗಿರಬಹುದು ಇಲ್ಲವೆ ಬಿಳಿಯಾಗಿರಬಹುದು. ಕಪ್ಪನ್ನು 1 ಎಂದೂ ಬಿಳಿಯನ್ನು 0 ಎಂದೂ ಓದುವುದರಿಂದ ಒಂದು ಮನೆಗೆ ಒಂದು ಬಿಟ್. ಈ 441ರಲ್ಲಿ 1994 ಎಂಬ ಅಂಕಿಗಳು ಹಿಡಿಯುವುದು ಕೇವಲ 14 ಮನೆಗಳನ್ನು. ಉಳಿದ 427 ಮನೆಗಳು ಏನು ಮಾಡುತ್ತಿವೆ ಎಂಬುದಕ್ಕೆ ಉತ್ತರ ಸಿಕ್ಕಿತೆಂದರೆ ಕ್ಯೂಆರ್ ಕೋಡ್ ಅರ್ಥವಾದಂತೆಯೇ.

ಮೊದಲು ಆ 14ರ ವಿಷಯ. ಸಂದೇಶವನ್ನು ಬಿಟ್‌ಗಳಾಗಿ ಬದಲಿಸಲು ಮಾನಕದಲ್ಲಿ ಮುಖ್ಯವಾಗಿ ನಾಲ್ಕು ವಿಧಾನಗಳಿವೆ: ಬರಿಯ ಅಂಕಿಗಳಿಗೆ ಒಂದು, ಅಂಕಿ, ಇಂಗ್ಲಿಷ್ ದೊಡ್ಡಕ್ಷರ ಮತ್ತು ಕೆಲವು ಚಿಹ್ನೆಗಳಿಗೆ ಒಂದು, ಯಾವುದೇ ಬೈಟ್‌ಗಳಿಗೆ ಒಂದು, ಜಪಾನಿ ಕಾಂಜಿ ಅಕ್ಷರಗಳಿಗೆ ಒಂದು. ಅಂಕಿಗಳ ವಿಧಾನದಲ್ಲಿ ಸಂದೇಶವನ್ನು ಮೂರು ಮೂರು ಅಂಕಿಗಳ ಗುಂಪಾಗಿ ಒಡೆಯುತ್ತಾರೆ. ಮೂರಂಕಿಯ ಯಾವುದೇ ಸಂಖ್ಯೆ 0ರಿಂದ 999ರೊಳಗಿರುತ್ತದೆ, ಹತ್ತು ಬಿಟ್‌ಗಳಲ್ಲಿ 1,024 ಬೆಲೆಗಳನ್ನು ಬರೆಯಬಹುದು. ಹಾಗಾಗಿ ಮೂರಂಕಿಗೆ ಹತ್ತು ಬಿಟ್ ಸಾಕು. ಕೊನೆಯಲ್ಲಿ ಒಂದೇ ಅಂಕಿ ಉಳಿದರೆ ಅದಕ್ಕೆ ನಾಲ್ಕು ಬಿಟ್, ಎರಡು ಉಳಿದರೆ ಏಳು. ನಮ್ಮ ಸಂದೇಶ 199 ಮತ್ತು 4 ಎಂದು ಒಡೆಯುತ್ತದೆ. 199ರ ದ್ವಿಮಾನ ರೂಪ 0011000111, ನಾಲ್ಕರದು 0100. ಇವೇ ಆ 14 ಬಿಟ್‌ಗಳು.

ಇಷ್ಟನ್ನೇ ಬರೆದಿಟ್ಟರೆ ಓದುವ ಫೋನಿಗೆ ಇದು ಯಾವ ವಿಧಾನ, ಎಷ್ಟು ಅಂಕಿ ಎಂದು ತಿಳಿಯದು. ಆದ್ದರಿಂದ ಮುಂದುಗಡೆ ನಾಲ್ಕು ಬಿಟ್‌ಗಳಲ್ಲಿ ವಿಧಾನದ ಗುರುತನ್ನೂ (ಅಂಕಿಗಳ ವಿಧಾನಕ್ಕೆ 0001), ಹತ್ತು ಬಿಟ್‌ಗಳಲ್ಲಿ ಅಂಕಿಗಳ ಸಂಖ್ಯೆಯನ್ನೂ (ನಾಲ್ಕು, ಅಂದರೆ 0000000100) ಬರೆಯುತ್ತಾರೆ. ಕೊನೆಗೆ ಸಂದೇಶ ಮುಗಿಯಿತು ಎನ್ನಲು 0000. ಮೇಲಿನ ಸಾಲಿನಲ್ಲಿ ಭಾಗಗಳನ್ನು ಬಿಡಿಸಿಯೂ, ಕೆಳಗಿನ ಸಾಲಿನಲ್ಲಿ ಎಂಟೆಂಟು ಬಿಟ್‌ಗಳ ಬೈಟ್‌ಗಳಾಗಿ ಕಟ್ಟಿಯೂ ತೋರಿಸಿದೆ:

```
0001 0000000100 0011000111 0100 0000
00010000 00010000 11000111 01000000
```

ಒಟ್ಟು 32 ಬಿಟ್, ಅಂದರೆ ಸರಿಯಾಗಿ ನಾಲ್ಕು ಬೈಟ್. ಮೂರನೆಯ ಬೈಟನ್ನು ಬಿಡಿಯಾಗಿ ಓದಿದರೂ 199 ಎಂದೇ ಬರುತ್ತದೆ. ಅದು ಇಲ್ಲಿ ಆಕಸ್ಮಿಕವಾಗಿ ಆದದ್ದು. ಸಾಮಾನ್ಯವಾಗಿ ಅಂಕಿಗಳ ಗುಂಪುಗಳು ಬೈಟ್‌ಗಳ ಗಡಿಯನ್ನು ದಾಟಿಕೊಂಡು ಹರಡಿರುತ್ತವೆ.

ವಿಧಾನದ ಆಯ್ಕೆ ಕೋಡಿನ ಗಾತ್ರವನ್ನು ಬಹಳ ಮಟ್ಟಿಗೆ ನಿರ್ಧರಿಸುತ್ತದೆ. ಅಂಕಿಯೊಂದಕ್ಕೆ ಸರಾಸರಿ ಮೂರೂ ಕಾಲು ಬಿಟ್ ಮೀರಿ ಸ್ವಲ್ಪ ಬೇಕು; ದೊಡ್ಡಕ್ಷರಗಳ ವಿಧಾನದಲ್ಲಿ ಎರಡು ಅಕ್ಷರಕ್ಕೆ 11 ಬಿಟ್; ಬೈಟ್ ವಿಧಾನದಲ್ಲಿ ಇಂಗ್ಲಿಷ್ ಅಕ್ಷರಕ್ಕೆ 8 ಬಿಟ್. ಕನ್ನಡ ಲಿಪಿಯನ್ನು ಸಾಮಾನ್ಯವಾಗಿ ಯುಟಿಎಫ್-8 ಕ್ರಮದಲ್ಲಿ ಬೈಟ್‌ಗಳಾಗಿಸಿ ಇಡುತ್ತಾರೆ, ಆ ಕ್ರಮದಲ್ಲಿ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರಕ್ಷರವಾದರೂ ಯುನಿಕೋಡಿನಲ್ಲಿ ಅದು ಕ, ನ, ವಿರಾಮ ಚಿಹ್ನೆ, ನ, ಡ ಎಂಬ ಐದು ಸಂಕೇತಗಳು, ಅಂದರೆ 15 ಬೈಟ್. ಕೆಲವು ಮನೆಗಳು ಕೆಟ್ಟರೂ ಸಂದೇಶ ಸಿಗುವಂತೆ ಕೋಡಿನ ಒಂದು ಪಾಲನ್ನು ದೋಷ ತಿದ್ದುಪಡಿಗೆ ಮೀಸಲಿಡುತ್ತಾರೆ, ಈ ಪಾಲು ಎಷ್ಟೆಂಬುದಕ್ಕೆ ಬೇರೆ ಬೇರೆ ಮಟ್ಟಗಳಿವೆ. ಮಧ್ಯಮ ಮಟ್ಟದ ದೋಷ ತಿದ್ದುಪಡಿಯಿರುವ 21ರ ಕೋಡಿನಲ್ಲಿ ಬೈಟ್ ವಿಧಾನದಿಂದ ತುಂಬಬಹುದಾದದ್ದು 14 ಬೈಟ್ ಮಾತ್ರ. 34 ಅಂಕಿಗಳನ್ನು ಹಿಡಿಸಿಕೊಳ್ಳುವ ಅದೇ ಚೌಕದಲ್ಲಿ ಈ ಒಂದು ಪದ ಹಿಡಿಸುವುದಿಲ್ಲ!

ಈಗ ತೋರಿಸಿದ ಮಧ್ಯಮ ಮಟ್ಟವನ್ನೇ ನಮ್ಮ ಉದಾಹರಣೆಗೂ ಇಟ್ಟುಕೊಳ್ಳೋಣ. ಒಂದನೆಯ ಆವೃತ್ತಿಯಲ್ಲಿ ಒಟ್ಟು 26 ಬೈಟ್‌ಗಳಿಗೆ ಜಾಗವಿದೆ. ಮಧ್ಯಮ ಮಟ್ಟದಲ್ಲಿ ಅವುಗಳಲ್ಲಿ 16 ಸಂದೇಶಕ್ಕೆ, 10 ತಿದ್ದುಪಡಿಗೆ. ನಮ್ಮ ಸಂದೇಶ ನಾಲ್ಕೇ ಬೈಟ್ ಆದ್ದರಿಂದ ಉಳಿದ 12 ಬೈಟ್‌ಗಳನ್ನು 11101100 ಮತ್ತು 00010001 ಎಂಬ ಎರಡು ನಿಗದಿತ ಬೈಟ್‌ಗಳನ್ನು ಒಂದಾದ ಮೇಲೊಂದರಂತೆ ಹಾಕಿ ತುಂಬುತ್ತಾರೆ. ಇವುಗಳಿಗೆ ಯಾವ ಅರ್ಥವೂ ಇಲ್ಲ. ಹೀಗೆ 96 ಮನೆಗಳ ಲೆಕ್ಕ ಸಿಕ್ಕಿತು.

ತಿದ್ದುಪಡಿಗೆಂದು ಇರುವ ಹತ್ತು ಬೈಟ್‌ಗಳು, ಅಂದರೆ 80 ಮನೆಗಳು, ಇಡೀ ವ್ಯವಸ್ಥೆಯ ಅತ್ಯಂತ ಸುಂದರ ಭಾಗವೆಂದು ನಾನು ಭಾವಿಸುತ್ತೇನೆ. ಇದರ ಹಿಂದಿರುವುದು ಅರ್ವಿಂಗ್ ರೀಡ್ ಮತ್ತು ಗುಸ್ಟೇವ್ ಸಾಲೊಮನ್ 1960ರಲ್ಲಿ ಪ್ರಕಟಿಸಿದ ಗಣಿತ. ಸಂದೇಶದ 16 ಬೈಟ್‌ಗಳನ್ನು 16 ಸಂಖ್ಯೆಗಳೆಂದು ಭಾವಿಸಿ, ಅವನ್ನು ಒಂದು ಬಹುಪದೋಕ್ತಿಯ ಸಹಗುಣಕಗಳಾಗಿ ಇಡುತ್ತಾರೆ. ಅದರ ಬಾಲಕ್ಕೆ ಇನ್ನೂ ಹತ್ತು ಸಹಗುಣಕಗಳನ್ನು ಸೇರಿಸುತ್ತಾರೆ. ಸೇರಿಸುವಾಗ ಒಂದು ಷರತ್ತು ಇರುತ್ತದೆ. 26 ಸಹಗುಣಕಗಳ ಆ ಇಡೀ ಬಹುಪದೋಕ್ತಿಯಲ್ಲಿ ಮೊದಲೇ ಗೊತ್ತುಮಾಡಿದ ಹತ್ತು ಬೆಲೆಗಳನ್ನು ಒಂದೊಂದಾಗಿ ಆದೇಶಿಸಿದಾಗ ಪ್ರತಿ ಸಲವೂ ಉತ್ತರ ಸೊನ್ನೆಯೇ ಬರಬೇಕು. ಷರತ್ತುಗಳು ಹತ್ತು, ನಾವು ಆರಿಸಬಹುದಾದ ಸಂಖ್ಯೆಗಳೂ ಹತ್ತು. ಹಾಗಾಗಿ ಪರಿಹಾರ ಒಂದೇ ಒಂದು ಇರುತ್ತದೆ. ಇಲ್ಲಿನ ಕೂಡುವಿಕೆ ಮತ್ತು ಗುಣಾಕಾರಗಳು ನಾವು ಶಾಲೆಯಲ್ಲಿ ಕಲಿತವಲ್ಲ. ಉತ್ತರ ಯಾವಾಗಲೂ 0ರಿಂದ 255ರೊಳಗೇ ಉಳಿಯುವಂತೆ, ಅಂದರೆ ಒಂದು ಬೈಟಿನಲ್ಲೇ ಹಿಡಿಸುವಂತೆ ಕಟ್ಟಿದ ವಿಶೇಷ ಅಂಕಗಣಿತ ಅದು.

ಓದುವ ಕಡೆ ಫೋನು ಮಾಡುವುದೂ ಇದನ್ನೇ. ತನಗೆ ದೊರೆತ 26 ಬೈಟ್‌ಗಳಿಂದ ಬಹುಪದೋಕ್ತಿಯನ್ನು ಕಟ್ಟಿ, ಅದೇ ಹತ್ತು ಬೆಲೆಗಳನ್ನು ಆದೇಶಿಸಿ ನೋಡುತ್ತದೆ. ಹತ್ತೂ ಸೊನ್ನೆಯಾದರೆ ಎಲ್ಲವೂ ಸರಿಯಾಗಿದೆ. ಯಾವುದಾದರೂ ಸೊನ್ನೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ. ಆಗ ಬಂದ ಹತ್ತು ಉತ್ತರಗಳು ತಪ್ಪಿನ ಮೇಲೆ ಮಾತ್ರ ಅವಲಂಬಿಸಿರುತ್ತವೆಯೇ ಹೊರತು ಮೂಲ ಸಂದೇಶದ ಮೇಲಲ್ಲ, ಏಕೆಂದರೆ ಮೂಲ ಸಂದೇಶದ ಪಾಲು ಪ್ರತಿ ಸಲವೂ ಸೊನ್ನೆಯಾಗಿ ಕಳೆದುಹೋಗಿರುತ್ತದೆ. ಈ ಉತ್ತರಗಳನ್ನೇ ಸಮೀಕರಣಗಳಾಗಿ ಬಿಡಿಸಿದರೆ ಯಾವ ಬೈಟ್ ಕೆಟ್ಟಿದೆ ಮತ್ತು ಅದರ ಸರಿಯಾದ ಬೆಲೆ ಏನು ಎಂಬೆರಡೂ ಸಿಗುತ್ತವೆ. ಕೆಟ್ಟ ಬೈಟ್ ಒಂದಕ್ಕೆ ಅಜ್ಞಾತಗಳು ಎರಡು, ಅದರ ಸ್ಥಾನ ಮತ್ತು ಅದರ ಬೆಲೆ. ಆದ್ದರಿಂದ ಒಂದು ತಪ್ಪನ್ನು ತಿದ್ದಲು ಎರಡು ತಿದ್ದುಪಡಿ ಬೈಟ್‌ಗಳು ಬೇಕು. ಹತ್ತರಲ್ಲಿ ಐದು ತಪ್ಪು ತಿದ್ದಬಹುದಲ್ಲವೇ ಎಂದು ಕೇಳಬಹುದು. ಮಾನಕವು ಈ ಪುಟ್ಟ ಕೋಡಿನಲ್ಲಿ ನಾಲ್ಕನ್ನು ಮಾತ್ರ ಒಪ್ಪುತ್ತದೆ. ಉಳಿಸಿಕೊಂಡ ಎರಡು ಬೈಟ್‌ಗಳ ಕೆಲಸ ಬೇರೆ: ತಪ್ಪುಗಳು ಮಿತಿಮೀರಿದ್ದಾಗ ಲೆಕ್ಕವು ದಾರಿತಪ್ಪಿ ಬೇರೆಯದೇ ಸಂದೇಶವನ್ನು ಸರಿಯೆಂದು ಕೊಟ್ಟುಬಿಡುವ ಸಾಧ್ಯತೆಯನ್ನು ಅವು ತಗ್ಗಿಸುತ್ತವೆ. ಹರಿದ ಕೋಡೊಂದು ತಪ್ಪು ಸಂಖ್ಯೆಯನ್ನು ತೋರಿಸುವುದಕ್ಕಿಂತ ಏನನ್ನೂ ತೋರಿಸದಿರುವುದು ಒಳ್ಳೆಯದೆಂಬ ಈ ನಿರ್ಧಾರ ನನಗೆ ಬಹಳ ವಿವೇಕದ್ದೆನಿಸುತ್ತದೆ.

ಲೆಕ್ಕ ನಡೆಯುವುದು ಬೈಟ್‌ಗಳ ಮೇಲೆ, ಬಿಡಿ ಬಿಟ್‌ಗಳ ಮೇಲಲ್ಲ ಎಂಬುದನ್ನು ಗಮನಿಸಬೇಕು. ಒಂದು ಬೈಟಿನ ಎಂಟು ಮನೆಗಳಲ್ಲಿ ಒಂದು ಕೆಟ್ಟರೂ ಒಂದು ತಪ್ಪು, ಎಂಟೂ ಕೆಟ್ಟರೂ ಒಂದೇ ತಪ್ಪು. ಹೀಗಾಗಿ ನಾಲ್ಕು ಬೈಟ್‌ಗಳ 32 ಮನೆಗಳನ್ನು ಪೂರ್ತಿ ಮುಚ್ಚಿದ ದೊಡ್ಡ ಕಲೆಯೊಂದನ್ನು ನಮ್ಮ ಕೋಡು ಸಹಿಸಿಕೊಳ್ಳುತ್ತದೆ, ಆದರೆ ಐದು ಬೇರೆ ಬೇರೆ ಬೈಟ್‌ಗಳ ಮೇಲೆ ಬಿದ್ದ ಐದು ಸಣ್ಣ ಚುಕ್ಕೆಗಳು ಮಾನಕದ ಭರವಸೆಯನ್ನು ಮೀರುತ್ತವೆ. ಎಂಟು ಮನೆಗಳನ್ನು ಒತ್ತೊತ್ತಾಗಿ ಇಡುವುದರ ಉದ್ದೇಶವೂ ಇದೇ; ಕಲೆ, ಹರುಕು, ಬೆಳಕಿನ ಪ್ರತಿಫಲನ ಮುಂತಾದವು ಸಾಮಾನ್ಯವಾಗಿ ಒಂದೇ ಕಡೆ ಗುಂಪಾಗಿ ಬೀಳುತ್ತವೆ. ದೊಡ್ಡ ಕೋಡುಗಳಲ್ಲಿ ಸಂದೇಶವನ್ನು ಹಲವು ಕಂತೆಗಳಾಗಿ ಒಡೆದು ಪ್ರತಿ ಕಂತೆಗೂ ಪ್ರತ್ಯೇಕ ತಿದ್ದುಪಡಿ ಬೈಟ್‌ಗಳನ್ನು ಕೊಟ್ಟು, ಕಂತೆಗಳ ಬೈಟ್‌ಗಳನ್ನು ಒಂದರ ನಡುವೆ ಒಂದನ್ನು ಹೆಣೆದು ಇಡುತ್ತಾರೆ. ಆಗ ಒಂದು ಕಲೆಯ ಹಾನಿ ಎಲ್ಲ ಕಂತೆಗಳಿಗೂ ಹಂಚಿಹೋಗಿ ಯಾವುದೊಂದೂ ಸುಲಭವಾಗಿ ಮಿತಿ ಮೀರುವುದಿಲ್ಲ.

ಸಂದೇಶಕ್ಕೂ ತಿದ್ದುಪಡಿಗೂ ಸೇರಿ 26 ಬೈಟ್, ಅಂದರೆ 208 ಮನೆಗಳಾದವು. 441ರಲ್ಲಿ ಇನ್ನೂ 233 ಮನೆಗಳು ಉಳಿದಿವೆ, ಇವು ಅರ್ಧಕ್ಕಿಂತ ಹೆಚ್ಚು. ಇವುಗಳಲ್ಲಿ ಸಂದೇಶದ ಒಂದು ಬಿಟ್ಟೂ ಇಲ್ಲ; ಇವೆಲ್ಲ ಇರುವುದು ಕ್ಯಾಮೆರಾದ ಸಲುವಾಗಿ. ಮೂರು ಮೂಲೆಗಳ ದೊಡ್ಡ ಚೌಕಗಳು ತಮ್ಮ ಬಿಳಿ ಅಂಚಿನೊಂದಿಗೆ 192 ಮನೆಗಳನ್ನು ತೆಗೆದುಕೊಳ್ಳುತ್ತವೆ. ಆ ಚೌಕಗಳ ನಡುವೆ ಒಂದು ಅಡ್ಡಸಾಲಿನಲ್ಲೂ ಒಂದು ಕಂಬಸಾಲಿನಲ್ಲೂ ಕಪ್ಪು ಬಿಳುಪು ಒಂದು ಬಿಟ್ಟು ಒಂದರಂತೆ ಬರುವ ಅಳತೆಯ ಸಾಲುಗಳಿಗೆ 10 ಮನೆ. ಕೋಡಿನ ಸ್ವರೂಪವನ್ನು ತಿಳಿಸುವ 15 ಬಿಟ್‌ಗಳ ಮಾಹಿತಿಯನ್ನು ಎರಡು ಕಡೆ ಬರೆದಿರುವುದರಿಂದ 30, ಜೊತೆಗೆ ಸದಾ ಕಪ್ಪಾಗಿಯೇ ಇರುವ ಒಂದು ಮನೆ.

208 ಬಿಟ್‌ಗಳನ್ನು ತುಂಬುವ ಕ್ರಮ ಹೀಗಿದೆ. ಕೆಳಗಿನ ಬಲ ಮೂಲೆಯಿಂದ ಶುರುಮಾಡಿ, ಎರಡು ಮನೆ ಅಗಲದ ಪಟ್ಟಿಯಲ್ಲಿ ಬಲ, ಎಡ, ಮತ್ತೆ ಮೇಲಿನ ಸಾಲಿನ ಬಲ, ಎಡ ಎಂದು ಮೇಲಕ್ಕೇರಿ, ತುದಿ ಮುಟ್ಟಿದ ಮೇಲೆ ಪಕ್ಕದ ಪಟ್ಟಿಯಲ್ಲಿ ಕೆಳಗಿಳಿದು, ಹೀಗೆ ಏರುತ್ತ ಇಳಿಯುತ್ತ ಎಡಕ್ಕೆ ಸಾಗುತ್ತಾರೆ. ಕಾದಿರಿಸಿದ ಮನೆಗಳು ಸಿಕ್ಕಲ್ಲಿ ಅವನ್ನು ಹಾರಿಸಿ ಮುಂದುವರಿಯುತ್ತಾರೆ. ಹಾಗಾಗಿ ವಿಧಾನವನ್ನು ಹೇಳುವ ಮೊದಲ ನಾಲ್ಕು ಬಿಟ್‌ಗಳು ಯಾವ ಕ್ಯೂಆರ್ ಕೋಡಿನಲ್ಲೂ ಕೆಳಗಿನ ಬಲ ತುದಿಯ ನಾಲ್ಕು ಮನೆಗಳಲ್ಲೇ ಇರುತ್ತವೆ. ನಮ್ಮ 0001ರಲ್ಲಿ ಆ ನಾಲ್ಕರ ಪೈಕಿ ಮೇಲಿನ ಎಡ ಮನೆ ಮಾತ್ರ ಕಪ್ಪು.

ಆದರೆ ಅಚ್ಚಾದ ಕೋಡಿನಲ್ಲಿ ಅದು ಹಾಗೆ ಕಾಣದಿರಬಹುದು, ಏಕೆಂದರೆ ಇನ್ನೊಂದು ಹಂತ ಬಾಕಿಯಿದೆ. ನಮ್ಮ ಮೊದಲೆರಡು ಬೈಟ್‌ಗಳಲ್ಲಿ ಹದಿನಾರು ಬಿಟ್‌ಗಳಿಗೆ ಎರಡೇ ಒಂದುಗಳಿವೆ. ಅವನ್ನು ಹಾಗೆಯೇ ಅಚ್ಚು ಮಾಡಿದರೆ ಅಲ್ಲೊಂದು ಬಿಳಿ ಬಯಲು ಉಂಟಾಗಿ, ಮನೆ ಎಲ್ಲಿ ಮುಗಿದು ಎಲ್ಲಿ ಶುರುವಾಯಿತೆಂದು ಹೇಳಲು ಕ್ಯಾಮೆರಾಕ್ಕೆ ಗಡಿಗಳೇ ಸಿಗುವುದಿಲ್ಲ. ಅದಕ್ಕಾಗಿ ಮಾಸ್ಕ್ ಎಂಬ ನಿಗದಿತ ವಿನ್ಯಾಸದ ಪ್ರಕಾರ ಕೆಲವು ಮನೆಗಳ ಬಣ್ಣವನ್ನು ಅದಲುಬದಲು ಮಾಡುತ್ತಾರೆ. ಮಾನಕದಲ್ಲಿ ಇಂಥ ಎಂಟು ವಿನ್ಯಾಸಗಳಿವೆ. 000 ಎಂಬ ಗುರುತಿನ ಮೊದಲನೆಯದು ಅತ್ಯಂತ ಸರಳ: ಸಾಲಿನ ಸಂಖ್ಯೆ ಮತ್ತು ಕಂಬದ ಸಂಖ್ಯೆಗಳ ಮೊತ್ತ ಸಮಸಂಖ್ಯೆಯಾದ ಮನೆಗಳಲ್ಲಿ ಬಣ್ಣ ತಿರುಗಿಸುವುದು. ಇದನ್ನು ನಮ್ಮ ಮೊದಲ ನಾಲ್ಕು ಮನೆಗಳಿಗೆ ಅನ್ವಯಿಸಿ ನೋಡೋಣ. ಸಾಲು, ಕಂಬಗಳನ್ನು 0ಯಿಂದ ಎಣಿಸಿದರೆ ಕೆಳಗಿನ ಬಲ ಮೂಲೆ 20, 20. ಮೊತ್ತ 40, ಆದ್ದರಿಂದ ಬಿಳಿ ಹೋಗಿ ಕಪ್ಪಾಗುತ್ತದೆ. ಮೇಲಿನ ಎಡ ಮನೆ 19, 19. ಮೊತ್ತ 38, ಕಪ್ಪು ಹೋಗಿ ಬಿಳಿಯಾಗುತ್ತದೆ. ಉಳಿದೆರಡರ ಮೊತ್ತ 39, ಅವು ಇದ್ದಂತೆ ಬಿಳಿಯಾಗಿಯೇ ಉಳಿಯುತ್ತವೆ.

ಕೋಡನ್ನು ರಚಿಸುವ ತಂತ್ರಾಂಶ ಎಂಟೂ ಮಾಸ್ಕ್‌ಗಳನ್ನು ಹಾಕಿ ನೋಡಿ ಪ್ರತಿಯೊಂದಕ್ಕೂ ದಂಡದ ಅಂಕ ಕೊಡುತ್ತದೆ: ಒಂದೇ ಬಣ್ಣದ ಐದು ಅಥವಾ ಹೆಚ್ಚು ಮನೆಗಳು ಸಾಲಾಗಿ ಬಂದರೆ, ಒಂದೇ ಬಣ್ಣದ ಎರಡಕ್ಕೆರಡರ ಗುಂಪು ಬಂದರೆ, ಕಪ್ಪು ಬಿಳುಪಿನ ಪ್ರಮಾಣ ಅರ್ಧರ್ಧದಿಂದ ದೂರ ಸರಿದರೆ ದಂಡ. ಎಲ್ಲಕ್ಕಿಂತ ಭಾರಿ ದಂಡ, ಒಂದೊಂದು ಸಲಕ್ಕೆ 40 ಅಂಕ, ಮೂಲೆಯ ಚೌಕಗಳನ್ನು ಹೋಲುವ ಸಾಲು ಸಂದೇಶದ ನಡುವೆ ಆಕಸ್ಮಿಕವಾಗಿ ಬಂದರೆ. ಕಡಿಮೆ ದಂಡ ಪಡೆದ ಮಾಸ್ಕ್ ಆಯ್ಕೆಯಾಗುತ್ತದೆ. ಆ ಹೋಲಿಕೆಗೆ ಇಷ್ಟು ದೊಡ್ಡ ದಂಡ ಏಕೆಂದು ತಿಳಿಯಲು ಕ್ಯಾಮೆರಾದ ಕಡೆಗೆ ಹೋಗಬೇಕು.

ಫೋನಿಗೆ ಸಿಗುವುದು ಓರೆಯಾದ, ನೆರಳು ಬೆಳಕು ಬೆರೆತ, ಸುತ್ತ ನೂರೆಂಟು ವಸ್ತುಗಳಿರುವ ಒಂದು ಚಿತ್ರ. ಅದು ಮೊದಲು ಬಣ್ಣವನ್ನು ಬಿಟ್ಟು ಪ್ರತಿ ಬಿಂದುವಿನ ಹೊಳಪನ್ನಷ್ಟೇ ಉಳಿಸಿಕೊಳ್ಳುತ್ತದೆ. ಅನಂತರ ಯಾವುದು ಕಪ್ಪು, ಯಾವುದು ಬಿಳಿ ಎಂದು ತೀರ್ಮಾನಿಸಬೇಕು. ಇಡೀ ಚಿತ್ರಕ್ಕೆ ಒಂದೇ ಗಡಿಯನ್ನು ಇಟ್ಟರೆ ಕೋಡಿನ ಮೇಲೆ ಕೈಯ ನೆರಳು ಬಿದ್ದ ಕಡೆ ಬಿಳಿಯೂ ಕಪ್ಪೆಂದೇ ಲೆಕ್ಕವಾಗುತ್ತದೆ. ಆದ್ದರಿಂದ ಚಿತ್ರವನ್ನು ಸಣ್ಣ ಸಣ್ಣ ತುಣುಕುಗಳಾಗಿ ನೋಡಿ, ಪ್ರತಿ ಬಿಂದುವನ್ನೂ ಅದರ ಅಕ್ಕಪಕ್ಕದ ಸರಾಸರಿ ಹೊಳಪಿನೊಂದಿಗೆ ಹೋಲಿಸುತ್ತಾರೆ. ನೆರಳಿನಲ್ಲಿರುವ ಬಿಳಿ, ಬಿಸಿಲಿನಲ್ಲಿರುವ ಕಪ್ಪಿಗಿಂತಲೂ ಮಂಕಾಗಿರಬಹುದು. ಆದರೂ ತನ್ನ ಪಕ್ಕದ ಕಪ್ಪಿಗಿಂತ ಅದು ಬೆಳ್ಳಗೇ ಇರುತ್ತದೆ.

ಇನ್ನು ಕೋಡು ಎಲ್ಲಿದೆ ಎಂದು ಹುಡುಕಬೇಕು. ಮೂಲೆಯ ಚೌಕದಲ್ಲಿ ಏಳು ಮನೆ ಅಗಲದ ಕಪ್ಪು ಚೌಕಟ್ಟು, ಅದರೊಳಗೆ ಒಂದು ಮನೆ ದಪ್ಪದ ಬಿಳಿ ಪಟ್ಟಿ, ನಡುವೆ ಮೂರಕ್ಕೆ ಮೂರರ ಕಪ್ಪು ತಿರುಳು ಇರುತ್ತವೆ. ಅದರ ನಡುವೆ ಹಾದುಹೋಗುವ ಗೆರೆಯ ಮೇಲೆ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪುಗಳ ಉದ್ದ 1:1:3:1:1ರ ಅನುಪಾತದಲ್ಲಿರುತ್ತದೆ. ಅಚ್ಚಾದ ಕಾಗದಪತ್ರಗಳಲ್ಲಿ ಕಪ್ಪು ಬಿಳುಪುಗಳ ಅನುಪಾತಗಳನ್ನು ಪರಿಶೀಲಿಸಿ, ಅತಿ ವಿರಳವಾಗಿ ಕಾಣುವುದು ಇದೇ ಎಂದು ಕಂಡುಕೊಂಡು ಹರಾ ಅವರ ತಂಡ ಇದನ್ನು ಆರಿಸಿತು. ಇದರ ಇನ್ನೊಂದು ಗುಣವೆಂದರೆ ಕೋಡನ್ನು ಎಷ್ಟು ತಿರುಗಿಸಿದರೂ ಅನುಪಾತ ಬದಲಾಗುವುದಿಲ್ಲ. ಒಂದೇ ಕೇಂದ್ರದ, ಒಂದರೊಳಗೊಂದು ಇರುವ ಚೌಕಗಳಾದ್ದರಿಂದ ಕೇಂದ್ರದ ಮೂಲಕ ಓರೆಯಾಗಿ ಹೋದ ಗೆರೆ ಎಲ್ಲ ಭಾಗಗಳನ್ನೂ ಒಂದೇ ಪ್ರಮಾಣದಲ್ಲಿ ಉದ್ದ ಮಾಡುತ್ತದೆ. ಕೋಡನ್ನು ತಲೆಕೆಳಗಾಗಿ ಹಿಡಿದರೂ ಓದಲು ಸಾಧ್ಯವಾಗುವುದು ಇದರಿಂದ.

ಫೋನು ಚಿತ್ರದ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಸತತ ಕಪ್ಪು ಬಿಳುಪುಗಳ ಉದ್ದವನ್ನು ಎಣಿಸುತ್ತದೆ. ಒಂದು ಸಾಲಿನಲ್ಲಿ 5, 5, 16, 4, 5 ಬಿಂದುಗಳ ಐದು ತುಂಡುಗಳು ಸಿಕ್ಕವೆನ್ನೋಣ. ಒಟ್ಟು 35, ಏಳರಿಂದ ಭಾಗಿಸಿದರೆ ಮನೆಗೆ 5 ಬಿಂದು. ನಡುವಿನ ತುಂಡು 15ರ ಬದಲು 16 ಇದೆ, ನಾಲ್ಕನೆಯದು 5ರ ಬದಲು 4. ಆದರೆ ವ್ಯತ್ಯಾಸ ಅರ್ಧ ಮನೆಗಿಂತ ಕಡಿಮೆ, ಆದ್ದರಿಂದ ಇದನ್ನು ಒಪ್ಪಬಹುದು. ಅಲ್ಲಿಂದಲೇ ನೇರ ಮೇಲಕ್ಕೂ ಕೆಳಕ್ಕೂ ಅದೇ ಅನುಪಾತ ಇದೆಯೇ ಎಂದು ಪರೀಕ್ಷಿಸಿ, ಇದ್ದರೆ ಕೇಂದ್ರವನ್ನು ಗುರುತು ಮಾಡಿಕೊಳ್ಳುತ್ತದೆ. ಇಂಥ ಮೂರು ಕೇಂದ್ರಗಳು ಸಿಕ್ಕರೆ ಅವು ಒಂದು ಲಂಬಕೋನ ತ್ರಿಭುಜವಾಗುತ್ತವೆ. ಅತಿ ಉದ್ದದ ಬಾಹುವಿನ ಎದುರಿಗಿರುವುದು ಕೋಡಿನ ಮೇಲಿನ ಎಡ ಮೂಲೆ. ನಾಲ್ಕನೆಯ ಮೂಲೆಯಲ್ಲಿ ಚೌಕ ಇಲ್ಲದಿರುವುದೇ ದಿಕ್ಕನ್ನು ಹೇಳುತ್ತದೆ.

ಈ ಮೂರರಲ್ಲಿ ಅಕ್ಕಪಕ್ಕದ ಎರಡು ಕೇಂದ್ರಗಳ ನಡುವೆ 70 ಬಿಂದುಗಳಿದ್ದರೆ, ಮನೆಗೆ 5ರಂತೆ 14 ಮನೆ. ಎರಡೂ ಕಡೆ ಕೇಂದ್ರದಿಂದ ಅಂಚಿಗೆ ಮೂರೂವರೆ ಮನೆ ಸೇರಿಸಿದರೆ 21. ಇದು ಒಂದನೆಯ ಆವೃತ್ತಿ ಎಂದು ಫೋನಿಗೆ ಹೀಗೆ ತಿಳಿಯುತ್ತದೆ. ಅನಂತರ ಓರೆಯಾದ ಚಿತ್ರದ ಮೇಲೆ 21ಕ್ಕೆ 21ರ ಜಾಲರಿಯನ್ನು ಹೊಂದಿಸಬೇಕು. ಕ್ಯಾಮೆರಾವನ್ನು ಓರೆಯಾಗಿ ಹಿಡಿದಾಗ ಹತ್ತಿರದ ಬದಿ ದೊಡ್ಡದಾಗಿ, ದೂರದ ಬದಿ ಚಿಕ್ಕದಾಗಿ ಕಾಣುವುದನ್ನು ಸರಿಪಡಿಸಲು ನಾಲ್ಕು ಬಿಂದುಗಳು ಬೇಕು, ನಮಗಿರುವುದು ಮೂರು. ಎರಡನೆಯ ಆವೃತ್ತಿಯಿಂದ ಮುಂದೆ ಕೆಳಗಿನ ಬಲ ಮೂಲೆಯ ಸಮೀಪ ಇರುವ ಪುಟ್ಟ ಚೌಕ ಆ ನಾಲ್ಕನೆಯ ಬಿಂದು. ನಮ್ಮ ಪುಟ್ಟ ಕೋಡಿನಲ್ಲಿ ಅದಿಲ್ಲ, ಮೂರರಿಂದಲೇ ನಾಲ್ಕನೆಯದನ್ನು ಅಂದಾಜಿಸಬೇಕು. ಜಾಲರಿ ಕೂತ ಮೇಲೆ ಪ್ರತಿ ಮನೆಯ ನಡುಬಿಂದುವನ್ನು ನೋಡಿ ಕಪ್ಪೋ ಬಿಳಿಯೋ ಎಂದು ಬರೆದುಕೊಳ್ಳುತ್ತದೆ. ಶಾಯಿ ಸ್ವಲ್ಪ ಹರಡಿ ಮನೆಯ ಅಂಚು ಕೆಟ್ಟಿದ್ದರೂ ಓದಲು ಬರುವುದು ನಡುವನ್ನು ಮಾತ್ರ ನೋಡುವುದರಿಂದಲೇ.

ಮುಂದಿನದು ಸ್ವರೂಪದ 15 ಬಿಟ್‌ಗಳು. ಇವುಗಳಲ್ಲಿ ಎರಡು ಬಿಟ್ ತಿದ್ದುಪಡಿಯ ಮಟ್ಟವನ್ನೂ ಮೂರು ಬಿಟ್ ಮಾಸ್ಕಿನ ಸಂಖ್ಯೆಯನ್ನೂ ಹೇಳುತ್ತವೆ, ಉಳಿದ ಹತ್ತು ಈ ಐದನ್ನು ಕಾಯುತ್ತವೆ. ಮೂರು ಬಿಟ್ ಕೆಟ್ಟರೂ ಸರಿಪಡಿಸಬಹುದು. ಮಧ್ಯಮ ಮಟ್ಟದ ಗುರುತು 00, ನಾವು ಹಾಕಿದ ಮಾಸ್ಕಿನದು 000. ಐದೂ ಸೊನ್ನೆಯಾದ್ದರಿಂದ ಕಾಯುವ ಹತ್ತೂ ಸೊನ್ನೆಯೇ. ಹಾಗೆಯೇ ಬಿಟ್ಟರೆ ಈ ಜಾಗ ಪೂರ್ತಿ ಬೋಳಾಗುತ್ತಿತ್ತು. ಅದನ್ನು ತಪ್ಪಿಸಲು ಮಾನಕವು ಯಾವಾಗಲೂ 101010000010010 ಎಂಬ ನಿಗದಿತ ವಿನ್ಯಾಸದ ಪ್ರಕಾರ ಈ 15 ಬಿಟ್‌ಗಳನ್ನು ತಿರುಗಿಸಿ ಬರೆಯುವಂತೆ ವಿಧಿಸಿದೆ. ನಮ್ಮ ಕೋಡಿನಲ್ಲಿ ಅಚ್ಚಾಗುವುದು ಸರಿಯಾಗಿ ಈ ವಿನ್ಯಾಸವೇ.

ಮಾಸ್ಕ್ ಯಾವುದೆಂದು ತಿಳಿದ ಮೇಲೆ ಅದೇ ಮನೆಗಳನ್ನು ಮತ್ತೆ ತಿರುಗಿಸಿದರೆ ಮೂಲ ಬಿಟ್‌ಗಳು ಬರುತ್ತವೆ. ಕೆಳಗಿನ ಬಲ ಮೂಲೆಯಿಂದ ಹಾವಿನ ಹಾದಿಯಲ್ಲಿ 26 ಬೈಟ್‌ಗಳನ್ನು ಓದಿ, ತಪ್ಪಿದ್ದರೆ ತಿದ್ದಿ, ಮೊದಲ 16ನ್ನು ಉಳಿಸಿಕೊಳ್ಳುತ್ತದೆ. 0001 ಎಂದರೆ ಅಂಕಿಗಳು. ಮುಂದಿನ ಹತ್ತು ಬಿಟ್ ನಾಲ್ಕು ಅಂಕಿ ಎನ್ನುತ್ತವೆ. ಹತ್ತು ಬಿಟ್ ಓದಿದರೆ 199, ನಾಲ್ಕು ಬಿಟ್ ಓದಿದರೆ 4. ಆಮೇಲೆ 0000 ಬಂತು, ಅಲ್ಲಿಗೆ ಓದು ಮುಗಿಯಿತು. ಇಷ್ಟರಲ್ಲಿ ಎಲ್ಲಿಯೂ ಇಂಟರ್‌ನೆಟ್ ಬೇಕಾಗಿಲ್ಲ. ಸಂದೇಶ ಜಾಲವಿಳಾಸವಾಗಿದ್ದರೆ ಅದನ್ನು ತೆರೆಯುವುದು ಓದಿದ ಮೇಲಿನ ಬೇರೆಯೇ ಕೆಲಸ. ಕೋಡಿನ ಅವಧಿ ಮುಗಿದಿದೆ ಎಂಬ ಸೂಚನೆ ಬಂದರೂ ಮುಗಿದಿರುವುದು ಆ ವಿಳಾಸದಲ್ಲಿರುವ ಸೇವೆಯೇ ಹೊರತು ಕೋಡಲ್ಲ.

ಓದಲು ಬಾರದ ಕೋಡಿನಲ್ಲಿ ಯಾವ ಹಂತ ತಪ್ಪಿದೆ ಎಂಬುದನ್ನು ಬಹಳ ಸಲ ಹೊರಗಿನಿಂದಲೇ ಊಹಿಸಬಹುದು. ಹಲವು ಫೋನುಗಳು ಕೋಡು ಕಂಡ ಕೂಡಲೇ ಅದರ ಸುತ್ತ ಒಂದು ಚೌಕಟ್ಟನ್ನು ತೋರಿಸುತ್ತವೆ. ಅದೇ ಮೂಡದಿದ್ದರೆ ಮೂಲೆಯ ಚೌಕಗಳು ಸಿಕ್ಕಿಲ್ಲವೆಂದು ತಿಳಿಯಬಹುದು: ಒಂದು ಮೂಲೆ ಹರಿದಿರಬಹುದು, ಅಥವಾ ಕೋಡಿನ ಸುತ್ತ ನಾಲ್ಕು ಮನೆಯಷ್ಟು ಬಿಡಬೇಕಾದ ಖಾಲಿ ಅಂಚನ್ನು ಬಿಡದೆ ಗಾಢ ಬಣ್ಣ ತುಂಬಿರಬಹುದು. ಅಂಚು ಇಲ್ಲದಿದ್ದರೆ ಮೂಲೆಚೌಕದ ಹೊರಗಿನ ಕಪ್ಪು ಪಕ್ಕದ ಗಾಢ ಬಣ್ಣದೊಂದಿಗೆ ಕೂಡಿಕೊಂಡು 1:1:3:1:1 ಎಂಬ ಅನುಪಾತದ ಕೊನೆಯ 1 ಉದ್ದವಾಗಿಬಿಡುತ್ತದೆ. ತಿದ್ದುಪಡಿಯ ಅತ್ಯುನ್ನತ ಮಟ್ಟದಲ್ಲಿ ಶೇಕಡಾ 30ರಷ್ಟು ಹಾಳಾದರೂ ಓದಬಹುದು ಎಂಬ ಮಾತನ್ನು ಇಲ್ಲಿ ತಪ್ಪಾಗಿ ತಿಳಿಯುವವರು ಬಹಳ. ಆ ರಕ್ಷಣೆ ಬೈಟ್‌ಗಳಿಗೆ ಮಾತ್ರ. ಮೂಲೆಯ ಚೌಕಗಳಿಗೆ ರೀಡ್ ಮತ್ತು ಸಾಲೊಮನ್ ಅವರ ಗಣಿತದ ಬೆಂಬಲವಿಲ್ಲ.

ಚೌಕಟ್ಟು ಮೂಡಿಯೂ ಓದು ಆಗದಿದ್ದರೆ ಮನೆಗಳು ಸರಿಯಾಗಿ ಬಿಡಿಯಾಗುತ್ತಿಲ್ಲ ಎಂದು ಶಂಕಿಸಬೇಕು. 1,080 ಬಿಂದು ಅಗಲದ ಚಿತ್ರದಲ್ಲಿ ಕೋಡು ಹತ್ತನೆಯ ಒಂದು ಭಾಗವನ್ನು ತುಂಬಿದರೆ ಅದರ ಪಾಲಿಗೆ 108 ಬಿಂದು. ನಮ್ಮ 21ರ ಕೋಡಿನಲ್ಲಿ ಮನೆಗೆ ಐದು ಬಿಂದು ಬರುತ್ತವೆ, ನಿರಾತಂಕವಾಗಿ ಓದಬಹುದು. ಉದ್ದದ ಸಂದೇಶ ತುಂಬಿದ ಹತ್ತನೆಯ ಆವೃತ್ತಿಯಲ್ಲಿ ಬದಿಗೆ 57 ಮನೆ. ಮನೆಗೆ ಎರಡು ಬಿಂದುವೂ ಸಿಗುವುದಿಲ್ಲ, ಕೈ ಸ್ವಲ್ಪ ಅಲುಗಿದರೂ ಪಕ್ಕದ ಮನೆಗಳು ಬೆರೆತುಹೋಗುತ್ತವೆ. ಹತ್ತಿರ ಹೋದಾಗ ಓದಿದರೆ ದೋಷ ಇದೇ. ಅಚ್ಚಿನ ಗಾತ್ರ ಹೆಚ್ಚಿಸಲಾಗದ ಕಡೆ ಸಂದೇಶವನ್ನೇ ಚಿಕ್ಕದು ಮಾಡುವುದು ಸರಿಯಾದ ಪರಿಹಾರ.

ನಡುವೆ ಚಿತ್ರವನ್ನೋ ಲಾಂಛನವನ್ನೋ ಕೂರಿಸಿದ ಕೋಡುಗಳಲ್ಲಿ ಅದಕ್ಕೆಂದು ಬಿಟ್ಟ ಜಾಗವೇನೂ ಇರುವುದಿಲ್ಲ. ಅಲ್ಲಿನ ಬೈಟ್‌ಗಳನ್ನು ಬೇಕೆಂದೇ ಕೆಡಿಸಿ, ತಿದ್ದುಪಡಿಯ ಲೆಕ್ಕವೇ ಅವನ್ನು ಮತ್ತೆ ಕಟ್ಟಿಕೊಡಲಿ ಎಂದು ಬಿಟ್ಟಿರುತ್ತಾರೆ. ಹಾಗಾಗಿ ಅಂಥ ಕೋಡು ಹೊಸದಾಗಿದ್ದಾಗಲೇ ತನ್ನ ಸಹಿಷ್ಣುತೆಯ ದೊಡ್ಡ ಪಾಲನ್ನು ಖರ್ಚು ಮಾಡಿಕೊಂಡಿರುತ್ತದೆ, ಆಮೇಲೆ ಬೀಳುವ ಸಣ್ಣ ಗೀರು ಕೂಡ ಅದನ್ನು ಕೆಡಿಸಬಲ್ಲದು. ಅರ್ಥವಿಲ್ಲದ ತುಂಬುಬೈಟ್‌ಗಳ ಮೇಲೆ ಕಲೆ ಬಿದ್ದರೂ ಅದು ತಪ್ಪುಗಳ ಲೆಕ್ಕಕ್ಕೇ ಸೇರುತ್ತದೆ, ಏಕೆಂದರೆ ಬಹುಪದೋಕ್ತಿಗೆ ಯಾವುದು ಸಂದೇಶ, ಯಾವುದು ತುಂಬಿದ್ದು ಎಂಬ ಭೇದ ತಿಳಿಯದು.

ಆದ್ದರಿಂದ ತುಂಬುಬೈಟ್‌ಗಳು ಬಹಳವಿರುವ ಕಡೆ ತಿದ್ದುಪಡಿಯ ಮಟ್ಟವನ್ನು ಏರಿಸುವುದರಲ್ಲಿ ನಷ್ಟವೇ ಇಲ್ಲ. ಕೋಡು ರಚಿಸುವ ಕೆಲವು ತಂತ್ರಾಂಶಗಳು ಇದನ್ನು ತಾವಾಗಿಯೇ ಮಾಡುತ್ತವೆ. ನಮ್ಮ 1994ನ್ನು ಅತ್ಯುನ್ನತ ಮಟ್ಟದಲ್ಲಿ ಬರೆದರೆ ಸಂದೇಶಕ್ಕೆ 9 ಬೈಟ್, ತಿದ್ದುಪಡಿಗೆ 17 ಬೈಟ್ ಸಿಗುತ್ತವೆ. ಸಂದೇಶದ ನಾಲ್ಕು ಬೈಟ್‌ಗಳು ಆ ಒಂಬತ್ತರಲ್ಲಿ ಸಲೀಸಾಗಿ ಹಿಡಿಸುತ್ತವೆ, ತುಂಬುಬೈಟ್‌ಗಳು 12ರಿಂದ 5ಕ್ಕೆ ಇಳಿಯುತ್ತವೆ, ಗಾತ್ರ 21ಕ್ಕೆ 21 ಆಗಿಯೇ ಉಳಿಯುತ್ತದೆ, ಮತ್ತು ಮೊದಲು ನಾಲ್ಕು ಬೈಟ್‌ಗಳ ಹಾನಿಯನ್ನಷ್ಟೇ ಸಹಿಸುತ್ತಿದ್ದ ಅದೇ 441 ಮನೆಗಳು ಈಗ ಎಂಟು ಬೈಟ್‌ಗಳ ಹಾನಿಯನ್ನು ಸಹಿಸುತ್ತವೆ.